ಹನ್ನೊಂದರ ರಾತ್ರಿ ಎಂಟರೊಳಗೆ

ಫೆಬ್ರವರಿ ಎರಡನೇ ವಾರ ಬಂತೆಂದರೆ ಬೆಂಗಳೂರಿನಲ್ಲಿ ಕೆಂಪು ಗುಲಾಬಿಯ ದರ ಏರುತ್ತದೆ. ಹೊಸೂರು, ದೊಡ್ಡಬಳ್ಳಾಪುರ ಕಡೆಯ ಪಾಲಿಹೌಸ್‌ಗಳ ಉದ್ದ ಕಡ್ಡಿಯ ಒಳ್ಳೆಯ ಹೂವು ಅಷ್ಟರಲ್ಲಿ ವಿದೇಶಕ್ಕೂ ಹೋಗಿರುತ್ತದೆ. ಹೀಗಿರುವಾಗ ಸಣ್ಣ ಹೂವಿನಂಗಡಿಯವರಿಗೆ 14ರಂದು ಎಷ್ಟು ಹೂ ಬೇಕು ಎಂಬುದು ಮೊದಲೇ ತಿಳಿದಿರಬೇಕು. ಫೋಟೊದ ಕೆಳಗೆ ಬರೆಯುವ ಎರಡು ಸಾಲಿಗೆ ನಾನು ಬೆಲೆ ಕೊಡುವುದು ಅದಕ್ಕಾಗಿಯೇ. ಆ ಸಾಲು ಮುಂಗಡ ಬುಕಿಂಗ್ ತರಬೇಕು.

"ಪ್ರೀತಿಯನ್ನು ಹೂವಿನಲ್ಲಿ ಹೇಳಿ" ಎಂದು ಬರೆದರೆ ಓದಿದವರು ಮೆಚ್ಚಿ ಮುಂದೆ ಹೋಗುತ್ತಾರೆ. ಅದರ ಬದಲು ಹೀಗೆ ಬರೆದು ನೋಡಿ:

"ಹತ್ತು ಕೆಂಪು ಗುಲಾಬಿ, ನಿಮ್ಮ ಮಾತು ಬರೆದ ಒಂದು ಚೀಟಿ. 14ರ ಬೆಳಿಗ್ಗೆ 9ರೊಳಗೆ ಅವರ ಮನೆ ಬಾಗಿಲಿಗೆ. ಬುಕಿಂಗ್ 11ರ ರಾತ್ರಿ 8ರವರೆಗೆ ಮಾತ್ರ."

ಫೋನಿನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣುವುದರಿಂದ ಹೂವು ಮತ್ತು ದಿನಾಂಕ ಅಲ್ಲಿಯೇ ಇರಲಿ. ಬೆಲೆಯನ್ನೂ ಬರೆದುಬಿಡಿ. ಕೇಳಲು ಸಂಕೋಚಪಡುವ ಗಿರಾಕಿಗಳು ಬಹಳ ಮಂದಿ. ಫೋಟೊ ನೀವೇ ಕಟ್ಟಿದ ಗುಚ್ಛದ್ದಾಗಿರಲಿ. ಬೆಳಗಿನ ಬೆಳಕಿನಲ್ಲಿ, ಯಾರಾದರೂ ಕೈಯಲ್ಲಿ ಹಿಡಿದು ನಿಂತಾಗ ತೆಗೆಯಿರಿ, ಗಾತ್ರ ತಾನಾಗಿ ತಿಳಿಯುತ್ತದೆ. ಎಲ್ಲಿಂದಲೋ ತಂದ ಚಿತ್ರ ಹಾಕಿದರೆ 14ರಂದು ಜಗಳ ಖಂಡಿತ.

ಪ್ರೇಮಿಗಳಿಗಷ್ಟೇ ಏಕೆ? ನನಗೆ ಇಷ್ಟವಾದ ಕಲ್ಪನೆ ಇದು: "ಅಮ್ಮನಿಗೆ ಅಪ್ಪ ಇದುವರೆಗೆ ಹೂಗುಚ್ಛ ಕೊಟ್ಟಿಲ್ಲವೇ? ಅಪ್ಪನ ಹೆಸರಲ್ಲಿ ನೀವು ಬುಕ್ ಮಾಡಿ. ಗುಟ್ಟು ನಮ್ಮಲ್ಲೇ ಇರುತ್ತದೆ." ಗುಲಾಬಿ ಒಲ್ಲದ ಮನೆಗೆ ಬಾಳೆಎಲೆಯಲ್ಲಿ ಸುತ್ತಿದ ಎರಡು ಮೊಳ ಕಾಕಡ ಕಳಿಸಬಹುದು.

ಈಗ ಲೆಕ್ಕ. 11ರ ರಾತ್ರಿಗೆ 45 ಬುಕಿಂಗ್ ಬಂದಿವೆ ಎಂದುಕೊಳ್ಳೋಣ. ತಲಾ ಹತ್ತರಂತೆ 450 ಹೂವು. ಕಡ್ಡಿ ಮುರಿದದ್ದು, ಎಸಳು ಕಂದಿದ್ದು ಎಂದು ಹತ್ತರಲ್ಲೊಂದು ಪಾಲು ಸೇರಿಸಿದರೆ 495. ಇಪ್ಪತ್ತರ ಕಟ್ಟಿನಲ್ಲಿ 25 ಕಟ್ಟು. ಅಂಗಡಿಗೇ ಬರುವವರಿಗೆಂದು ಇನ್ನೈದು ಕಟ್ಟು ತಂದರೆ ಸಾಕು. ಅರ್ಧ ಹಣ ಮುಂಗಡ ಬಂದ ಬುಕಿಂಗನ್ನು ಮಾತ್ರ ಎಣಿಸಿ. "ಬೇಕು, ಆಮೇಲೆ ಹೇಳ್ತೀನಿ" ಎಂದವರನ್ನು ಎಣಿಸಿದರೆ ಉಳಿದ ಹೂವು 15ಕ್ಕೆ ಬುಟ್ಟಿಯಲ್ಲಿ ಬಾಡುತ್ತದೆ.

ಮುಂಗಡ ಬಂದ ಕೂಡಲೇ ಹೀಗೊಂದು ವಾಟ್ಸಾಪ್ ಸಂದೇಶ ಹೋಗಲಿ: "ಹಣ ತಲುಪಿತು. ಪಡೆಯುವವರ ಹೆಸರು, ವಿಳಾಸ, ಫೋನ್, ಚೀಟಿಯ ಸಾಲು ಕಳಿಸಿ. ಕೆಂಪು ಸಿಗದಿದ್ದರೆ ಬೇರೆ ಬಣ್ಣ ಆಗಬಹುದೇ?" ಕೊನೆಯ ಪ್ರಶ್ನೆಯನ್ನು ಆಗಲೇ ಕೇಳದಿದ್ದರೆ, 13ರ ನಸುಕಿನಲ್ಲಿ ಮಾರುಕಟ್ಟೆಯಲ್ಲಿ ನಿಂತು 45 ಜನರಿಗೆ ಫೋನ್ ಮಾಡಬೇಕಾಗುತ್ತದೆ.

ಮೊದಲ ಪೋಸ್ಟ್ ಜನವರಿ ಕೊನೆಯ ವಾರಕ್ಕೆ ಬರಲಿ, ನೆನಪಿಸುವ ಪೋಸ್ಟ್ 9ಕ್ಕೆ. "ಇನ್ನು 12 ಮಾತ್ರ" ಎನ್ನುವುದು ನಿಜವಾಗಿ ಹನ್ನೆರಡೇ ಉಳಿದಾಗ. 11ರ ರಾತ್ರಿ 8 ದಾಟಿದ ಮೇಲೆ ಸಾಲು ಬದಲಿಸಿ: "ಬುಕಿಂಗ್ ಮುಗಿದಿದೆ. 14ರಂದು ಅಂಗಡಿಗೆ ಬಂದವರಿಗೆ ಬಿಡಿ ಗುಲಾಬಿ ಇದೆ."