ಬೆನ್ನುಹುರಿಗೆ ಪೆಟ್ಟು: ಮಟ್ಟ ಎಲ್ಲಿ, ಉಳಿದದ್ದೆಷ್ಟು?

ಅಡಿಕೆ ಮರಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹತ್ತಿದ ಕೊನೆಗಾರನೊಬ್ಬ ಜಾರಿ ತಲೆಕೆಳಗಾಗಿ ಬಿದ್ದ ಎಂದಿಟ್ಟುಕೊಳ್ಳಿ. ಪ್ರಜ್ಞೆ ಇದೆ, ಮಾತು ಸರಿಯಿದೆ, ಕಾಲು ಮಾತ್ರ ಅಲ್ಲಾಡುತ್ತಿಲ್ಲ. ಕುತ್ತಿಗೆಯ ಐದನೇ ಮೂಳೆ ಆರನೆಯದರ ಮೇಲೆ ಮುಂದಕ್ಕೆ ಜಾರಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ವಾರ್ಡಿಗೆ ಹೊಸದಾಗಿ ಬಂದ ಇಂಟರ್ನ್ ಕೇಸ್ ಶೀಟಿನಲ್ಲಿ "ಲೆವೆಲ್ ಸಿ5-6" ಎಂದು ಬರೆದು ಮುಂದಿನ ಹಾಸಿಗೆಗೆ ಹೋಗಿಬಿಡುವುದು ಇಂಥ ಹೊತ್ತಿನಲ್ಲೇ.

ಅವರು ಬರೆದದ್ದು ಮೂಳೆಯ ಮಟ್ಟ. ನರದ ಮಟ್ಟ ಬೇರೆಯೇ ಇರಬಹುದು. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಆದ್ದರಿಂದ ಕೆಳಕ್ಕೆ ಹೋದಂತೆಲ್ಲ ಮೂಳೆಯ ಸಂಖ್ಯೆಗೂ ಅದರೊಳಗಿನ ಹುರಿಯ ಖಂಡದ ಸಂಖ್ಯೆಗೂ ಅಂತರ ಹೆಚ್ಚುತ್ತದೆ. ಎದೆಗೂಡಿನ ಹನ್ನೆರಡನೇ ಮೂಳೆ ಮುರಿದರೆ ಪೆಟ್ಟು ತಿನ್ನುವುದು ಕಾಲು, ಮೂತ್ರಕೋಶ, ಕರುಳನ್ನು ನೋಡಿಕೊಳ್ಳುವ ಖಂಡಗಳು. ಹೀಗಾಗಿ ನರದ ಮಟ್ಟವನ್ನು ಫಿಲ್ಮ್ ನೋಡಿ ಬರೆಯುವಂತಿಲ್ಲ. ರೋಗಿಯ ಮೈಮುಟ್ಟಿ ನೋಡಿಯೇ ಬರೆಯಬೇಕು.

ಅದಕ್ಕೆ ಬೇಕಾದ ಸಾಮಾನು ಒಂದು ಎಳೆ ಹತ್ತಿ, ಒಂದು ಸೇಫ್ಟಿ ಪಿನ್. ದೇಹದ ಒಂದೊಂದು ಪಕ್ಕದಲ್ಲಿ 28 ಗೊತ್ತಾದ ಜಾಗಗಳಿವೆ: ಹೆಬ್ಬೆರಳು ಸಿ6, ಕಿರುಬೆರಳು ಸಿ8, ಮೊಲೆತೊಟ್ಟಿನ ಸಾಲು ಟಿ4, ಹೊಕ್ಕುಳು ಟಿ10, ಹೀಗೆ. ಕೆನ್ನೆಯ ಮೇಲೆ ಮುಟ್ಟಿದಂತೆಯೇ ಅನ್ನಿಸಿದರೆ 2, ವ್ಯತ್ಯಾಸವಿದ್ದರೆ 1, ಏನೂ ಇಲ್ಲದಿದ್ದರೆ 0. ಪಿನ್ನಿನ ಪರೀಕ್ಷೆಯಲ್ಲಿ ಹೊಸಬರು ಎಡವುವ ಜಾಗ ಒಂದಿದೆ. "ಏನೋ ತಾಗ್ತಾ ಇದೆ ಡಾಕ್ಟ್ರೇ" ಎಂದರೆ ಸಾಲದು. ಚೂಪು ತುದಿ ಯಾವುದು, ಮೊಂಡು ತುದಿ ಯಾವುದು ಎಂದು ಕಣ್ಣುಮುಚ್ಚಿ ಹೇಳಲಾಗದಿದ್ದರೆ ಅದು 0.

ಬಲದ ಪರೀಕ್ಷೆಗೆ ಪ್ರತಿ ಕೈಯಲ್ಲಿ ಐದು, ಪ್ರತಿ ಕಾಲಿನಲ್ಲಿ ಐದು ಸ್ನಾಯುಗುಂಪುಗಳಿವೆ. ಮೊಣಕೈ ಮಡಿಸುವುದು ಸಿ5, ಮಣಿಕಟ್ಟು ಮೇಲೆತ್ತುವುದು ಸಿ6, ಮೊಣಕೈ ಚಾಚುವುದು ಸಿ7, ನಡುಬೆರಳಿನ ತುದಿ ಮಡಿಸುವುದು ಸಿ8, ಕಿರುಬೆರಳನ್ನು ಆಚೆಗೆ ಸರಿಸುವುದು ಟಿ1. ಅಂಕ 0ರಿಂದ 5. ಗುರುತ್ವಕ್ಕೆ ಎದುರಾಗಿ ಪೂರ್ತಿ ಎತ್ತಬಲ್ಲದಾದರೆ 3. ಒಂದು ಪಕ್ಕದಲ್ಲಿ 3 ಅಥವಾ ಹೆಚ್ಚು ಅಂಕವಿರುವ, ತನ್ನ ಮೇಲಿನವೆಲ್ಲ 5 ಇರುವ ಅತಿ ಕೆಳಗಿನ ಸ್ನಾಯುವೇ ಆ ಪಕ್ಕದ ಚಲನೆಯ ಮಟ್ಟ. 3 ಇದ್ದರೂ ಖಂಡ ಉಳಿದಿದೆ ಎನ್ನುವುದೇಕೆ? ಒಂದೊಂದು ಸ್ನಾಯುವಿಗೂ ಸಾಮಾನ್ಯವಾಗಿ ಎರಡು ಖಂಡಗಳಿಂದ ನರ ಬರುತ್ತದೆ. ಕೆಳಗಿನ ಖಂಡದ ಪಾಲು ಹೋಗಿ ಮೇಲಿನದೊಂದೇ ಉಳಿದರೆ ಬಲ ಇಳಿಯುವುದು ಸಹಜ.

ನಮ್ಮ ಕೊನೆಗಾರನ ಲೆಕ್ಕ ನೋಡೋಣ. ಬಲಗೈಯಲ್ಲಿ ಸಿ5ಕ್ಕೆ 5, ಸಿ6ಕ್ಕೆ 3, ಸಿ7ಕ್ಕೆ 1, ಕೆಳಗೆಲ್ಲ 0. ಎಡಗೈಯಲ್ಲಿ ಸಿ5ಕ್ಕೆ 4, ಸಿ6ಕ್ಕೆ 2, ಉಳಿದವು 0. ಸ್ಪರ್ಶವೂ ಚುಚ್ಚುವಿಕೆಯೂ ಬಲಕ್ಕೆ ಸಿ6ರವರೆಗೆ, ಎಡಕ್ಕೆ ಸಿ5ರವರೆಗೆ ಸರಿಯಿವೆ. ಹಾಗಾದರೆ ಬಲಗಡೆಯ ಮಟ್ಟ ಸಿ6, ಎಡಗಡೆಯದು ಸಿ5. ಎರಡೂ ಪಕ್ಕದಲ್ಲಿ ಚಲನೆ, ಸಂವೇದನೆ ಎರಡೂ ಉಳಿದಿರುವ ಅತಿ ಕೆಳಗಿನ ಖಂಡವನ್ನು ಒಟ್ಟು ನರಮಟ್ಟ ಎನ್ನುತ್ತಾರೆ. ಇಲ್ಲಿ ಅದು ಸಿ5. ಆದರೆ ಬರೀ "ಸಿ5" ಎಂದು ಬರೆದರೆ ಬಲಗೈಯಲ್ಲಿ ಉಳಿದ ಒಂದು ಖಂಡ ಕಾಗದದಲ್ಲಿ ಕಾಣದೆ ಹೋಗುತ್ತದೆ. ಅದಕ್ಕೇ ಎರಡೂ ಪಕ್ಕವನ್ನು ಬೇರೆಬೇರೆಯಾಗಿ ಬರೆಯುವುದು ಒಳ್ಳೆಯದು.

ಇನ್ನು ಪೆಟ್ಟು ಪೂರ್ಣವೋ ಅಪೂರ್ಣವೋ ಎಂಬ ಪ್ರಶ್ನೆ. ಎಲ್ಲರ ಕಣ್ಣೂ ಕಾಲಿನ ಮೇಲಿರುತ್ತದೆ, ಉತ್ತರ ಸಿಗುವುದು ಗುದದ್ವಾರದಲ್ಲಿ. ಅಲ್ಲಿಗೆ ಬರುವುದು ಹುರಿಯ ಕಟ್ಟಕಡೆಯ ಖಂಡಗಳಾದ ಎಸ್4-5. ಅಷ್ಟು ಕೆಳಗಿನವರೆಗೆ ಒಂದಾದರೂ ಸಂದೇಶ ತಲುಪುತ್ತಿದೆ ಎಂದರೆ ಪೆಟ್ಟಿನ ಜಾಗವನ್ನು ದಾಟಿ ಕೆಲವು ತಂತುಗಳು ಬದುಕಿವೆ ಎಂದರ್ಥ. 1969ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಫ್ರಾಂಕೆಲ್ ಮತ್ತು ಜೊತೆಗಾರರು ಕೊಟ್ಟ ಎ ಯಿಂದ ಇ ವರೆಗಿನ ಶ್ರೇಣಿಯನ್ನು ಅಮೆರಿಕದ ಸ್ಪೈನಲ್ ಇಂಜುರಿ ಅಸೋಸಿಯೇಷನ್ ತಿದ್ದುತ್ತಾ ಬಂತು. ಈ ಎಸ್4-5 ನಿಯಮ 1992ರ ತಿದ್ದುಪಡಿಯಲ್ಲಿ ಸೇರಿತು.

ಮೂರು ವಿಷಯ ನೋಡಬೇಕು: ಗುದದ ಸುತ್ತ ಹತ್ತಿ ಮತ್ತು ಪಿನ್ನು ತಿಳಿಯುತ್ತವೆಯೇ, ಬೆರಳಿಟ್ಟು ಒತ್ತಿದಾಗ ಒಳಗೆ ಒತ್ತಡ ಗೊತ್ತಾಗುತ್ತದೆಯೇ, "ಮಲ ತಡೆಹಿಡಿದ ಹಾಗೆ ಬಿಗಿಮಾಡಿ" ಎಂದಾಗ ಬಿಗಿಯುತ್ತದೆಯೇ. ಮೂರೂ ಇಲ್ಲದಿದ್ದರೆ ಎ, ಅಂದರೆ ಪೂರ್ಣ. ಸಂವೇದನೆ ಮಾತ್ರ ಉಳಿದರೆ ಬಿ. ಸ್ವಂತ ಇಚ್ಛೆಯಿಂದ ಬಿಗಿಯುವುದಾದರೆ, ಇಲ್ಲವೇ ಅಲ್ಲಿ ಸಂವೇದನೆ ಇದ್ದು ಅದೇ ಪಕ್ಕದ ಚಲನೆಯ ಮಟ್ಟಕ್ಕಿಂತ ಮೂರು ಖಂಡಗಳಿಗೂ ಕೆಳಗೆ ಎಲ್ಲಾದರೂ ಚಲನೆ ಇದ್ದರೆ ಸಿ ಅಥವಾ ಡಿ. ನರಮಟ್ಟದ ಕೆಳಗಿನ ಪರೀಕ್ಷಾ ಸ್ನಾಯುಗಳಲ್ಲಿ ಅರ್ಧದಷ್ಟಕ್ಕಾದರೂ 3 ಅಥವಾ ಹೆಚ್ಚು ಅಂಕವಿದ್ದರೆ ಡಿ. ಮೊದಲು ಕೊರತೆಯಿದ್ದವರಲ್ಲಿ ಎಲ್ಲವೂ ಮರಳಿದರೆ ಇ.

ಮುಜುಗರಕ್ಕೋ ಗಡಿಬಿಡಿಗೋ ಈ ಪರೀಕ್ಷೆ ಬಿಟ್ಟು "ಎ" ಎಂದು ಬರೆಯುವವರಿದ್ದಾರೆ. ಅದು ಊಹೆ, ಪರೀಕ್ಷೆಯಲ್ಲ.

ಬಿದ್ದ 20 ಗಂಟೆಗೆ ನೋಡಿದಾಗ ಕೊನೆಗಾರನಲ್ಲಿ ಮೂರೂ ಇರಲಿಲ್ಲ. ಕಾಲುಗಳು ಜೋತುಬಿದ್ದಿದ್ದವು, ಮಂಡಿಗೆ ಹ್ಯಾಮರ್ ತಟ್ಟಿದರೂ ಕದಲಿಲ್ಲ. ಹುರಿಗೆ ದಿಢೀರನೆ ಪೆಟ್ಟು ಬಿದ್ದಾಗ ಅದರ ಕೆಳಗಿನ ರಿಫ್ಲೆಕ್ಸ್‌ಗಳೆಲ್ಲ ಕೆಲಕಾಲ ಸತ್ತಂತೆ ಮಲಗುವ ಈ ಸ್ಥಿತಿಯೇ ಸ್ಪೈನಲ್ ಶಾಕ್. ಬಿಪಿ ಇಳಿದು ನಾಡಿ ನಿಧಾನವಾಗುವ ನ್ಯೂರೋಜೆನಿಕ್ ಶಾಕ್ ಬೇರೆ. ಅದು ರಕ್ತನಾಳಗಳ ಹಿಡಿತ ತಪ್ಪಿದ್ದರ ಫಲ, ತಕ್ಷಣ ಚಿಕಿತ್ಸೆ ಬೇಡುವಂಥದ್ದು. ಇಬ್ಬರಿಗೂ ಹೆಸರಿನಲ್ಲಿ ಶಾಕ್ ಇರುವುದರಿಂದ ವೈವಾ ಪರೀಕ್ಷೆಯಲ್ಲಿ ಇವು ಅದಲುಬದಲಾಗುತ್ತಲೇ ಇರುತ್ತವೆ.

ಶಾಕ್ ಇಳಿಯುತ್ತಿರುವುದರ ಮೊದಲ ಗುರುತುಗಳಲ್ಲಿ ಬಲ್ಬೋಕ್ಯಾವರ್ನೋಸಸ್ ರಿಫ್ಲೆಕ್ಸ್ ಒಂದು. ಮೂತ್ರದ ಕ್ಯಾಥೆಟರನ್ನು ಮೆಲ್ಲಗೆ ಎಳೆದರೆ ಗುದದಲ್ಲಿಟ್ಟ ಬೆರಳನ್ನು ಸ್ನಾಯು ತಾನಾಗಿ ಹಿಡಿಯುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇದು ಮರಳುತ್ತದೆ. ಮಂಡಿಯ ರಿಫ್ಲೆಕ್ಸ್‌ಗೆ ವಾರಗಳು ಬೇಕಾಗಬಹುದು, ಸೆಳೆತ ಬಲಿಯುವುದು ಅದಕ್ಕೂ ಆಚೆ. ಮರಳಿದ್ದು ಚೇತರಿಕೆಯಲ್ಲ ಎಂಬುದನ್ನು ಹೊಸಬರು ಮನಗಾಣಬೇಕು. ಮಿದುಳಿನ ಅಪ್ಪಣೆಯಿಲ್ಲದೆ ಕೆಳಗಿನ ಹುರಿ ತಾನೇ ಕೆಲಸ ಮಾಡುತ್ತಿದೆ ಎಂದಷ್ಟೇ ಅದರ ಅರ್ಥ. ಮನೆಯವರು "ಅಂಗಾಲು ಮುಟ್ಟಿದ್ರೆ ಕಾಲು ಎಳ್ಕೋತಾನೆ, ನೋಡಿ ಡಾಕ್ಟ್ರೇ" ಎಂದು ಆಸೆಯಿಂದ ಕರೆಯುತ್ತಾರೆ. ಆಗ ಮುಟ್ಟದೆಯೇ "ಹೆಬ್ಬೆರಳು ಎತ್ತಪ್ಪ" ಎಂದು ಹೇಳಿ ನೋಡಬೇಕು. ಹೇಳಿದಾಗ, ಹೇಳಿದಷ್ಟು ಸಲ ಎದ್ದರೆ ಮಾತ್ರ ಅಂಕ.

ರಿಫ್ಲೆಕ್ಸ್ ಮರಳುವವರೆಗೆ ಪೂರ್ಣ ಎನ್ನಬಾರದು ಎಂದು ಹಳೆಯ ಪಾಠ. ಅದಕ್ಕೊಂದು ತೊಡಕಿದೆ: ಹುರಿಯ ತುದಿಗೇ ಪೆಟ್ಟು ಬಿದ್ದಿದ್ದರೆ ಆ ರಿಫ್ಲೆಕ್ಸ್ ಎಂದಿಗೂ ಬಾರದಿರಬಹುದು. ಆದ್ದರಿಂದ ಮೊದಲ ದಿನವೇ ಶ್ರೇಣಿ ಬರೆದು, ಪಕ್ಕದಲ್ಲಿ ಗಂಟೆ ನಮೂದಿಸಿ, 72 ಗಂಟೆಯ ಹೊತ್ತಿಗೆ ಮತ್ತೆ ಪರೀಕ್ಷಿಸುವುದು ಹೆಚ್ಚು ಉಪಯೋಗ. ನೋವು, ಮತ್ತು, ಉಸಿರಾಟದ ನಳಿಕೆ ಇವೆಲ್ಲ ಮೊದಲ ದಿನದ ಉತ್ತರಗಳನ್ನು ಕೆಡಿಸುತ್ತವೆ.

72 ಗಂಟೆಗೆ ಕೊನೆಗಾರನ ರಿಫ್ಲೆಕ್ಸ್ ಬಂದಿತ್ತು. ಅದಕ್ಕಿಂತ ಮುಖ್ಯವಾಗಿ, ಬೆರಳಿನ ಒತ್ತಡ ಅವನಿಗೆ ಗೊತ್ತಾಯಿತು. ಎ ಹೋಗಿ ಬಿ ಆಯಿತು. ಬಲಗೈ ಸಿ7ರ ಆ 1 ಅಂಕ ಇಲ್ಲಿ ಲೆಕ್ಕಕ್ಕಿಲ್ಲ, ಮಟ್ಟದ ಮೂರು ಖಂಡದೊಳಗೇ ಇದೆಯಲ್ಲ. ಆರನೇ ವಾರ ಬಲಗಾಲಿನ ಹೆಬ್ಬೆರಳಿನ ಸ್ನಾಯು ಹೇಳಿದಾಗಲೆಲ್ಲ ಮಿಡಿಯಿತು. ಎಲ್5ಕ್ಕೆ ಅಂಕ 1, ಶ್ರೇಣಿ ಸಿ.

ಅಷ್ಟರಲ್ಲಿ ಫಿಸಿಯೋಥೆರಪಿಸ್ಟ್ ಬಲ ಮಣಿಕಟ್ಟಿನ ಮೇಲೆ ಕಣ್ಣಿಟ್ಟಿದ್ದರು. ಸಿ6 ಉಳಿದಿದ್ದರೆ ಮಣಿಕಟ್ಟು ಎತ್ತಿದಾಗ ಬೆರಳುಗಳ ಸ್ನಾಯುರಜ್ಜು ಬಿಗಿದು ಬೆರಳು ತಾವಾಗಿ ಮಡಚುತ್ತವೆ. ಅಷ್ಟರಿಂದಲೇ ಹಗುರದ ಲೋಟ ಹಿಡಿಯಬಹುದು. ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಂದಕ್ಕೆ ಚಾಚಿ ಮಾಲೀಸು ಮಾಡಿದರೆ ಆ ರಜ್ಜು ಸಡಿಲಗೊಂಡು ಹಿಡಿತ ಹೋಗುತ್ತದೆ. ಹಾಗೆ ಮಾಡಬೇಡಿ ಎಂದು ಅವರು ಮೊದಲ ವಾರವೇ ಮನೆಯವರಿಗೆ ತೋರಿಸಿಕೊಟ್ಟಿದ್ದರು.