ಹನ್ನೆರಡು ದಿನ ಕಾಯಿರಿ

ಸ್ಕ್ಯಾನಿಂಗ್ ಕೋಣೆಯ ಬಾಗಿಲು ಮುಚ್ಚುವ ಮೊದಲೇ ಆಕೆ ಅಳತೊಡಗಿದ್ದಳು. ಅರಸೀಕೆರೆ ಕಡೆಯ ಹೆಣ್ಣುಮಗಳು, ಮೊದಲ ಬಸುರಿ. ಕೈಯಲ್ಲಿದ್ದ ಹಿಂದಿನ ದಿನದ ರಿಪೋರ್ಟು ನಾಲ್ಕಾಗಿ ಮಡಚಿ ಬೆವರಿಗೆ ಒದ್ದೆಯಾಗಿತ್ತು. ಮಾತಾಡಿದ್ದು ಜೊತೆಗೆ ಬಂದಿದ್ದ ಅತ್ತೆ. "ಹಾರ್ಟ್‌ಬೀಟ್ ಬಂದಿಲ್ಲ ಅಂದ್ರು ಮೇಡಂ. ಬರೀ ಚೀಲ ಐತೆ, ಮಗು ಇಲ್ಲ, ಕ್ಲೀನ್ ಮಾಡಿಸಿಬಿಡಿ ಅಂದ್ರು. ಇನ್ನೊಂದು ಸಲ ನೋಡಿಬಿಡಿ."

ಸ್ಕ್ಯಾನ್ ಮಾಡುವ ವೈದ್ಯೆಯಾಗಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವೊಮ್ಮೆ ಅದು ನಿಜವಿರುತ್ತದೆ. ಎಷ್ಟೋ ಸಲ ನಿಜ ಯಾವುದೆಂದು ಹೇಳುವ ದಿನವೇ ಇನ್ನೂ ಬಂದಿರುವುದಿಲ್ಲ.

ಮೊದಲು ಒಂದು ಪದದ ತೊಡಕು ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಗರ್ಭಚೀಲ ಎಂದರೆ ಗರ್ಭಕೋಶ. 'ಗರ್ಭಚೀಲ ತೆಗೆಸಿದ್ರು' ಎನ್ನುವುದು ಎಲ್ಲರಿಗೂ ಅರ್ಥವಾಗುವ ಮಾತು. ಹಾಗಾಗಿ ವೈದ್ಯರು 'ಚೀಲ ಖಾಲಿ ಇದೆ' ಎಂದಾಗ ಗರ್ಭಕೋಶದಲ್ಲಿ ಏನೂ ನಿಂತಿಲ್ಲ ಎಂದೇ ಮನೆಯವರು ತಿಳಿಯುತ್ತಾರೆ. ರಿಪೋರ್ಟಿನಲ್ಲಿ GS ಎಂದು ಬರೆದಿರುವ ಜೆಸ್ಟೇಷನಲ್ ಸ್ಯಾಕ್ ಬೇರೆಯದು. ಅದು ಗರ್ಭಕೋಶದ ಒಳಪದರದಲ್ಲಿ ಹುದುಗಿರುವ ನೀರಿನ ಪುಟ್ಟ ಚೀಲ. ಭ್ರೂಣ ಬೆಳೆಯುವುದು ಅದರೊಳಗೆ. ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ನಾಲ್ಕೂವರೆಯಿಂದ ಐದನೆಯ ವಾರದ ಹೊತ್ತಿಗೆ, ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ, ಎರಡು ಮೂರು ಮಿಲಿಮೀಟರಿನ ಕಪ್ಪು ಚುಕ್ಕೆಯಾಗಿ ಅದು ಕಾಣಿಸಿಕೊಳ್ಳುತ್ತದೆ. ಸ್ಕ್ಯಾನ್ ಪರದೆಯ ಮೇಲೆ ನೀರು ಕಪ್ಪಾಗಿ ಕಾಣುತ್ತದೆ. ಸುತ್ತಲಿನ ದಪ್ಪ ಬಿಳಿ ಅಂಚು ಮುಂದೆ ಮಾಸು ಆಗಬೇಕಾದ ಭಾಗ. ಹೊಟ್ಟೆಯ ಮೇಲಿಂದ ನೋಡಿದರೆ ಇದೆಲ್ಲ ಸುಮಾರು ಒಂದು ವಾರ ತಡವಾಗಿ ಕಾಣುತ್ತದೆ. ಆ ಒಂದು ವಾರದ ವ್ಯತ್ಯಾಸವೇ ಎಷ್ಟೋ ಮನೆಗಳಲ್ಲಿ ಕಣ್ಣೀರು ತರಿಸಿದೆ.

ಆ ಕಪ್ಪು ಚುಕ್ಕೆ ಎಲ್ಲಿದೆ ಎನ್ನುವುದನ್ನು ನಾನು ಮೊದಲು ನೋಡುತ್ತೇನೆ. ನಿಜವಾದ ಸ್ಯಾಕ್ ಗರ್ಭಕೋಶದ ನಡುಗೆರೆಯ ಮೇಲೆ ಇರುವುದಿಲ್ಲ. ಒಂದು ಬದಿಗೆ, ಒಳಪದರದೊಳಗೆ ಹೂತುಕೊಂಡಿರುತ್ತದೆ. ಗರ್ಭ ನಳಿಕೆಯಲ್ಲಿ ನಿಂತಾಗ ಗರ್ಭಕೋಶದ ನಡುವೆ ಸ್ವಲ್ಪ ದ್ರವ ಸೇರಿ ಸ್ಯಾಕಿನಂತೆಯೇ ಕಾಣುವುದುಂಟು. ಅಂಥದ್ದನ್ನು ಗರ್ಭ ಎಂದು ನಂಬಿ ಮನೆಗೆ ಕಳಿಸಿದರೆ ತಾಯಿಯ ಜೀವಕ್ಕೇ ಅಪಾಯ. ಕಿಟ್‌ನಲ್ಲಿ ಎರಡು ಗೆರೆ ಬಂದು, ಗರ್ಭಕೋಶದೊಳಗೆ ಏನೂ ಕಾಣದೆ, ಕೆಳಹೊಟ್ಟೆಯ ಒಂದು ಬದಿ ನೋಯುತ್ತಿದ್ದರೆ ಅಥವಾ ತಲೆಸುತ್ತು ಬಂದರೆ ಕಾಯುವ ಮಾತೇ ಇಲ್ಲ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮುಂದೆ ನಾನು ಹೇಳುವ ಕಾಯುವಿಕೆ, ಸ್ಯಾಕ್ ಗರ್ಭಕೋಶದೊಳಗೇ ಇದೆ ಎಂದು ಖಚಿತವಾದವರಿಗೆ.

ಆ ಖಚಿತತೆಯನ್ನು ಕೊಡುವುದು ಯೋಕ್ ಸ್ಯಾಕ್. ಐದೂವರೆ ವಾರದ ಹೊತ್ತಿಗೆ ಸ್ಯಾಕಿನೊಳಗೆ ಬಿಳಿ ದಾರದಲ್ಲಿ ಬರೆದಂಥ ಒಂದು ಪುಟ್ಟ ಉಂಗುರ ಮೂಡುತ್ತದೆ. ಅಡ್ಡಳತೆ ಮೂರರಿಂದ ಐದು ಮಿಲಿಮೀಟರು. ಮಾಸು ಸಿದ್ಧವಾಗುವವರೆಗೆ ಭ್ರೂಣಕ್ಕೆ ಪೋಷಣೆ ಒದಗಿಸುವುದರಲ್ಲಿ ಇದರ ಪಾಲಿದೆ. ಭ್ರೂಣದ ಮೊಟ್ಟಮೊದಲ ರಕ್ತಕಣಗಳು ಹುಟ್ಟುವುದೂ ಇದರ ಗೋಡೆಯಲ್ಲೇ. ಗರ್ಭಕೋಶದೊಳಗಿನ ಸ್ಯಾಕಿನಲ್ಲಿ ಈ ಉಂಗುರ ಕಂಡಿತೆಂದರೆ ಗರ್ಭ ಇರಬೇಕಾದ ಜಾಗದಲ್ಲೇ ಇದೆ ಎಂದು ನಾನು ಧೈರ್ಯವಾಗಿ ಬರೆಯುತ್ತೇನೆ. ನನ್ನ ಮಟ್ಟಿಗೆ ಮೊದಲ ಸ್ಕ್ಯಾನಿನ ಅತಿ ಮುಖ್ಯ ಸುದ್ದಿ ಇದೇ. ಆದರೆ ಹಾರ್ಟ್‌ಬೀಟ್ ಒಂದನ್ನೇ ಕೇಳಲು ಬಂದವರಿಗೆ ಇದು ಸುದ್ದಿ ಅನ್ನಿಸುವುದೇ ಇಲ್ಲ.

ಆರನೆಯ ವಾರ ಹತ್ತಿರವಾದಂತೆ ಉಂಗುರದ ಅಂಚಿನ ಒಂದು ಕಡೆ ಸ್ವಲ್ಪ ದಪ್ಪಗಾಗುತ್ತದೆ. ಉಂಗುರಕ್ಕೆ ಹರಳು ಕೂರಿಸಿದ ಹಾಗೆ. ಆ ಹರಳೇ ಭ್ರೂಣ. ಎರಡು ಮೂರು ಮಿಲಿಮೀಟರಿನ ಆ ಹರಳಿನೊಳಗೆ, ಉಸಿರು ಹಿಡಿದು ನೋಡಿದರೆ, ಏನೋ ಮಿಣುಕುತ್ತಿರುತ್ತದೆ. ದೂರದ ಹೊಲದಲ್ಲಿ ಗಾಳಿಗೆ ಅಲುಗಾಡುವ ದೀಪದ ಹಾಗೆ. ಆಗ ಹೃದಯಕ್ಕೆ ನಾಲ್ಕು ಕೋಣೆಗಳಿಲ್ಲ, ಅದಿನ್ನೂ ಒಂದು ಕೊಳವೆ. ಆರನೆಯ ವಾರದಲ್ಲಿ ನಿಮಿಷಕ್ಕೆ ನೂರು, ನೂರಹತ್ತರ ಸುಮಾರಿಗೆ ಇರುವ ಮಿಡಿತ ದಿನದಿಂದ ದಿನಕ್ಕೆ ಏರುತ್ತ ಒಂಬತ್ತನೆಯ ವಾರಕ್ಕೆ 170ರ ಹತ್ತಿರ ಹೋಗಿ ಮತ್ತೆ ನಿಧಾನವಾಗಿ ಇಳಿಯುತ್ತದೆ.

"ಸೌಂಡ್ ಕೇಳಿಸಿ ಮೇಡಂ" ಎಂದು ಗಂಡಂದಿರು ಫೋನು ಹಿಡಿದು ನಿಲ್ಲುತ್ತಾರೆ. ಇಷ್ಟು ಬೇಗ ನಾನು ಕೇಳಿಸುವುದಿಲ್ಲ. ಸದ್ದು ಬರಬೇಕಾದರೆ ಡಾಪ್ಲರ್ ಹಾಕಬೇಕು. ಅದು ಮಾಮೂಲಿ ಚಿತ್ರಕ್ಕಿಂತ ಹೆಚ್ಚು ಶಕ್ತಿಯ ಅಲೆಗಳನ್ನು ಒಂದೇ ಜಾಗಕ್ಕೆ ಹಾಯಿಸುತ್ತದೆ. ಅದರ ಬದಲು ಎಂ-ಮೋಡ್ ಇದೆ. ಮಿಡಿತದ ಮೇಲೆ ಒಂದು ಗೆರೆ ಇಟ್ಟರೆ ಪರದೆಯ ಕೆಳಗೆ ಅಲೆ ಅಲೆಯಾಗಿ ಪಟ್ಟಿ ಓಡುತ್ತದೆ, ಎಣಿಕೆ ಸಿಗುತ್ತದೆ. ಅವರು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಅರಸೀಕೆರೆಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕೊನೆಯ ಮುಟ್ಟು ಜೂನ್ 1ಕ್ಕೆ. ನನ್ನ ಮುಂದೆ ಮಲಗಿದ್ದು ಜುಲೈ 17ಕ್ಕೆ. ಅಂದರೆ 46 ದಿನ, ಆರು ವಾರ ನಾಲ್ಕು ದಿನ. ಆ ಲೆಕ್ಕಕ್ಕೆ ನಾಲ್ಕು ಮಿಲಿಮೀಟರಿನ ಭ್ರೂಣವೂ ಮಿಡಿತವೂ ಕಾಣಬೇಕಿತ್ತು. ಹಿಂದಿನ ದಿನ ಹೊಟ್ಟೆಯ ಮೇಲಿಂದ ನೋಡಿದವರಿಗೆ ಸ್ಯಾಕ್ ಬಿಟ್ಟು ಬೇರೇನೂ ಕಂಡಿರಲಿಲ್ಲ. ಮೂತ್ರ ಖಾಲಿ ಮಾಡಿಸಿ, ಒಳಗಿನಿಂದ ನೋಡುವುದಕ್ಕೆ ಆಕೆಯ ಒಪ್ಪಿಗೆ ಕೇಳಿ ನೋಡಿದೆ. ಸ್ಯಾಕ್ ಇರಬೇಕಾದ ಜಾಗದಲ್ಲೇ ಇತ್ತು. ಉದ್ದ 11, ಎತ್ತರ 7, ಅಗಲ 9 ಮಿಲಿಮೀಟರು. ಮೂರರ ಸರಾಸರಿ ಒಂಬತ್ತು. ಒಳಗೆ ಯೋಕ್ ಸ್ಯಾಕ್ ಚೊಕ್ಕವಾಗಿ ಕಾಣುತ್ತಿತ್ತು. ಭ್ರೂಣ ನನಗೂ ಕಾಣಲಿಲ್ಲ.

ಈ ವಾರಗಳಲ್ಲಿ ಸ್ಯಾಕ್ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರು ಬೆಳೆಯುತ್ತದೆ. ಸರಾಸರಿ ಅಳತೆಗೆ ಮೂವತ್ತು ಸೇರಿಸಿದರೆ ಗರ್ಭದ ದಿನಗಳ ಅಂದಾಜು ಸಿಗುತ್ತದೆ. ಒಂಬತ್ತಕ್ಕೆ ಮೂವತ್ತು ಸೇರಿಸಿದರೆ 39 ದಿನ, ಐದು ವಾರ ನಾಲ್ಕು ದಿನ. ಆ ವಯಸ್ಸಿಗೆ ಯೋಕ್ ಸ್ಯಾಕ್ ಕಂಡು ಭ್ರೂಣ ಕಾಣದಿರುವುದು ತೀರಾ ಸಹಜ. ಕ್ಯಾಲೆಂಡರಿಗೂ ಸ್ಯಾಕಿಗೂ ನಡುವೆ ಏಳು ದಿನದ ಅಂತರ ಉಳಿಯಿತು.

"ನಿನಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತಮ್ಮ?" ಎಂದು ಕೇಳಿದೆ.

"ಮೂವತ್ತೈದು ದಿನ ಆಗ್ತದೆ ಮೇಡಂ, ಮೊದ್ಲಿಂದ್ಲೂ."

ವಾರಗಳ ಲೆಕ್ಕವೆಲ್ಲ 28 ದಿನದ ಚಕ್ರವನ್ನು ಇಟ್ಟುಕೊಂಡು ಕಟ್ಟಿದ್ದು. ಅದರ ಪ್ರಕಾರ ಅಂಡ ಬಿಡುಗಡೆಯಾಗುವುದು 14ನೆಯ ದಿನದ ಸುಮಾರಿಗೆ. 35 ದಿನದ ಚಕ್ರದವಳಿಗೆ ಅದು 21ನೆಯ ದಿನದ ಹತ್ತಿರ. ಗರ್ಭ ನಿಂತದ್ದೇ ಒಂದು ವಾರ ತಡವಾಗಿ. ಇದನ್ನು ಯಾರೂ ಕೇಳಿರಲಿಲ್ಲ, ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಹಾಗಂತ 'ಮಗು ಚೆನ್ನಾಗಿದೆ' ಎಂದೂ ನಾನು ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಬೆಳವಣಿಗೆ ನಿಂತ ಗರ್ಭವೂ ಒಂದು ದಿನ ಒಂಬತ್ತು ಮಿಲಿಮೀಟರು ಇದ್ದೇ ಇರುತ್ತದೆ. ಒಂದೇ ದಿನದ ಚಿತ್ರ ಈ ಎರಡನ್ನು ಬೇರೆ ಮಾಡಿ ತೋರಿಸುವುದಿಲ್ಲ, ದಿನಗಳು ಕಳೆಯಬೇಕು. "ಹನ್ನೆರಡು ದಿನ ಬಿಟ್ಟು ಬಾಮ್ಮ, ಅಲ್ಲಿವರೆಗೆ ಏನನ್ನೂ ತೆಗೆಸಬೇಡ. ರಕ್ತ ಹೋದರೆ, ಜೋರು ನೋವು ಬಂದರೆ ಮಾತ್ರ ತಕ್ಷಣ ಬಾ" ಎಂದೆ.

ಆ ಹನ್ನೆರಡು ದಿನ ನನ್ನ ಊಹೆಯಲ್ಲ. ಹಿಂದೆ ಭ್ರೂಣ ಐದು ಮಿಲಿಮೀಟರು ಆಗಿಯೂ ಮಿಡಿತ ಕಾಣದಿದ್ದರೆ ಗರ್ಭ ಉಳಿದಿಲ್ಲ ಎನ್ನುತ್ತಿದ್ದರು. ಭ್ರೂಣ ಕಾಣದ ಸ್ಯಾಕಿಗೆ ಅಮೆರಿಕದಲ್ಲಿ 16, ಬ್ರಿಟನ್ನಿನಲ್ಲಿ 20 ಮಿಲಿಮೀಟರಿನ ಗಡಿ ಇತ್ತು. ಒಂದೇ ಭ್ರೂಣವನ್ನು ಇಬ್ಬರು ಅಳೆದರೆ ಇಬ್ಬರಿಗೂ ಒಂದೇ ಅಂಕಿ ಸಿಗುವುದಿಲ್ಲ. ಇಷ್ಟು ಚಿಕ್ಕದರಲ್ಲಿ ಒಂದು ಮಿಲಿಮೀಟರಿನ ಹೆಚ್ಚುಕಡಿಮೆಯೂ ದೊಡ್ಡದೇ. ಆ ಗಡಿಗಳನ್ನು ನಂಬಿ ತೆಗೆದ ಗರ್ಭಗಳಲ್ಲಿ ಉಳಿಯಬಹುದಾಗಿದ್ದವೂ ಇರಬಹುದು ಎಂದು 2011ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿಕೊಟ್ಟರು. ಮರುವರ್ಷ ಅಮೆರಿಕದ ಸ್ಕ್ಯಾನಿಂಗ್ ತಜ್ಞರ ಸಂಘ ಸಭೆ ಸೇರಿಸಿ ಗಡಿಗಳನ್ನು ಹಿಂದಕ್ಕೆ ತಳ್ಳಿತು. ಒಳಗಿನಿಂದ ಮಾಡಿದ ಸ್ಕ್ಯಾನಿನಲ್ಲಿ ಭ್ರೂಣ ಏಳು ಮಿಲಿಮೀಟರು ಅಥವಾ ಹೆಚ್ಚು ಇದ್ದೂ ಮಿಡಿತ ಇಲ್ಲದಿದ್ದರೆ, ಅಥವಾ ಸ್ಯಾಕಿನ ಸರಾಸರಿ 25 ಆಗಿಯೂ ಭ್ರೂಣವೇ ಇಲ್ಲದಿದ್ದರೆ ಮಾತ್ರ ಒಂದೇ ಸ್ಕ್ಯಾನಿನಲ್ಲಿ ಖಚಿತವಾಗಿ ಹೇಳಬಹುದು. ಅದಕ್ಕಿಂತ ಚಿಕ್ಕದಿದ್ದರೆ ಕಾಯಬೇಕು. ಮೊದಲ ಸಲ ಯೋಕ್ ಸ್ಯಾಕ್ ಕಂಡಿದ್ದರೆ ಕನಿಷ್ಠ 11 ದಿನ, ಬರೀ ಸ್ಯಾಕ್ ಕಂಡಿದ್ದರೆ ಎರಡು ವಾರ. ಅಷ್ಟು ದಿನ ಕಳೆದ ಮೇಲೂ ಮಿಡಿಯುವ ಭ್ರೂಣ ಕಾಣದಿದ್ದರೆ ಅನುಮಾನಕ್ಕೆ ಜಾಗವಿಲ್ಲ.

ಇದೇ ನಿಯಮ ಇನ್ನೊಂದು ಕಡೆಗೂ ಅಷ್ಟೇ ಖಚಿತವಾಗಿ ತೀರ್ಪು ಕೊಡುತ್ತದೆ. ಅದೇ ತಿಂಗಳು ಇನ್ನೊಬ್ಬಾಕೆ ಬಂದಿದ್ದಳು. ಸ್ಯಾಕಿನ ಸರಾಸರಿ 27, ಒಳಗೆ ಭ್ರೂಣವಿಲ್ಲ. 28 ದಿನಕ್ಕೆ ತಪ್ಪದೆ ಮುಟ್ಟಾಗುತ್ತಿದ್ದವಳು. ಒಂದು ವಾರ ಕಾದು ನೋಡೋಣ ಎಂದು ಹೇಳುವುದು ಬಾಯಿಗೆ ಸುಲಭವಿತ್ತು, ಆದರೆ ಅದು ಸುಳ್ಳು ಆಸೆ. ಅಲ್ಲೇ ಕೂರಿಸಿಕೊಂಡು ಹೇಳಿದೆ. "ನಾನು ಮೊನ್ನೆ ಬಿಂದಿಗೆ ಎತ್ತಿದ್ದಕ್ಕಾ ಮೇಡಂ?" ಎಂದಳು. ಅಲ್ಲ. ಇಷ್ಟು ಬೇಗ ನಿಂತುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ಎಣಿಕೆ ತಪ್ಪಿರುವುದೇ ಕಾರಣ. ಬಿಂದಿಗೆ, ಬಸ್ಸಿನ ಕುಲುಕಾಟ, ಪಪ್ಪಾಯಿಯ ಹೋಳು ಅದಕ್ಕೆ ಕಾರಣವಲ್ಲ. ಅವಳ ಗಂಡನನ್ನೂ ಒಳಗೆ ಕರೆದು ಅವನಿಗೂ ಇದನ್ನೇ ಹೇಳಿ ಕಳಿಸಿದೆ. ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುವ ಭಾರ ಅವಳೊಬ್ಬಳ ಮೇಲೆ ಬೀಳಬಾರದು.

ಜುಲೈ 29ರ ಬೆಳಿಗ್ಗೆ ಅತ್ತೆ ಸೊಸೆ ಮತ್ತೆ ಬಂದರು. ಈ ಸಲ ಇಬ್ಬರೂ ಮಾತಾಡಲಿಲ್ಲ. ಪರದೆಯನ್ನು ನನ್ನ ಕಡೆಗೇ ತಿರುಗಿಸಿಕೊಂಡು ಶುರು ಮಾಡಿದೆ. ಖಚಿತವಾಗುವ ಮೊದಲು ತಾಯಿಯ ಕಣ್ಣಿಗೆ ಬೀಳದಿರಲಿ ಎಂದು ಯಾವಾಗಲೂ ಹಾಗೆ ಮಾಡುತ್ತೇನೆ. ಸ್ಯಾಕ್ 21 ಮಿಲಿಮೀಟರಿಗೆ ಬೆಳೆದಿತ್ತು. ಉಂಗುರದ ಪಕ್ಕದಲ್ಲಿ ಹುರುಳಿಕಾಳಿಗಿಂತ ತುಸು ದೊಡ್ಡದೊಂದು ಭ್ರೂಣ, ಉದ್ದ ಒಂಬತ್ತು ಮಿಲಿಮೀಟರು. ನಡುವೆ ಮಿಣುಕು. ಎಂ-ಮೋಡ್ ಪಟ್ಟಿಯಲ್ಲಿ ನಿಮಿಷಕ್ಕೆ 138. ಪರದೆ ತಿರುಗಿಸಿ ಬೆರಳಿಟ್ಟು ತೋರಿಸಿದೆ. ಅತ್ತೆ ಕನ್ನಡಕ ಹುಡುಕುತ್ತ, "ಎಲ್ಲಿ, ಎಲ್ಲಿ" ಎಂದರು.

ಭ್ರೂಣದ ಉದ್ದಕ್ಕೆ 42 ಸೇರಿಸಿದರೆ ದಿನಗಳ ಅಂದಾಜು. ಒಂಬತ್ತಕ್ಕೆ 51 ಬಂತು, ಏಳು ವಾರ ಎರಡು ದಿನ. ಮೊದಲ ಸ್ಕ್ಯಾನಿನ 39 ದಿನಕ್ಕೆ ಹನ್ನೆರಡು ಸೇರಿಸಿದರೂ ಅಷ್ಟೇ. ರಿಪೋರ್ಟಿನಲ್ಲಿ ಹೆರಿಗೆಯ ದಿನಾಂಕವನ್ನು ಮಾರ್ಚ್ 8ರಿಂದ ಮಾರ್ಚ್ 15ಕ್ಕೆ ತಿದ್ದಿ, ಇನ್ನು ಮುಂದೆ ಎಲ್ಲಿಗೆ ಹೋದರೂ ಈ ದಿನಾಂಕವನ್ನೇ ತೋರಿಸಬೇಕೆಂದು ಅದರ ಕೆಳಗೆ ಎರಡು ಗೆರೆ ಎಳೆದುಕೊಟ್ಟೆ. ಮುಂದಿನ ಸ್ಕ್ಯಾನ್ ಕತ್ತಿನ ಹಿಂಭಾಗದ ದ್ರವ ಅಳೆಯುವ ಎನ್‌ಟಿ. 11 ವಾರದಿಂದ 13 ವಾರ 6 ದಿನದ ಒಳಗೆ ಆಗಬೇಕು. ಹೊಸ ಲೆಕ್ಕದಲ್ಲಿ ಹನ್ನೆರಡು ವಾರ ತುಂಬುವ ಆಗಸ್ಟ್ 31ಕ್ಕೆ ಬರಲು ಬರೆದೆ. ಈ ಸಲ ರಿಪೋರ್ಟನ್ನು ಆಕೆ ಮಡಚಲಿಲ್ಲ. ಅತ್ತೆ ಬ್ಯಾಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಅದರೊಳಗೆ ನೆಟ್ಟಗೆ ಇಟ್ಟುಕೊಂಡರು.