ಹಾರೈಕೆಯಲ್ಲಿ ಗಾದೆಯ ಮಾತು

ಮದುವೆ, ಗೃಹಪ್ರವೇಶ, ಪರೀಕ್ಷೆ ಮುಂತಾದ ಸಂದರ್ಭಗಳಲ್ಲಿ ಹಾರೈಕೆಯ ಪತ್ರಕ್ಕೆ ಗಾದೆಯೊಂದನ್ನು ಸೇರಿಸುವ ರೂಢಿ ನಮ್ಮಲ್ಲಿ ಉಂಟು. ಗಾದೆಗಳಿಗೇನೂ ಕೊರತೆಯಿಲ್ಲ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಪಂಡಿತರ ನಿಘಂಟಿನಲ್ಲಿಯೇ ಶಬ್ದಾರ್ಥಗಳ ನಡುವೆ ಎಷ್ಟೋ ಗಾದೆಗಳು ದೊರೆಯುವುವು. ಆದರೆ ಒಂದೇ ಗಾದೆ ಒಬ್ಬರಿಗೆ ಹಾರೈಕೆಯಾಗಿಯೂ ಇನ್ನೊಬ್ಬರಿಗೆ ಬುದ್ಧಿವಾದವಾಗಿಯೂ ಕೇಳಿಸುವುದೇಕೆ?

“ಕೈ ಕೆಸರಾದರೆ ಬಾಯಿ ಮೊಸರು” ಎಂಬುದನ್ನು ನೋಡೋಣ. ಪರೀಕ್ಷೆಗೆ ಹೊರಟಿರುವ ಹುಡುಗಿಗೆ ಇದನ್ನು ಬರೆದರೆ, ಇನ್ನೂ ಓದಬೇಕೆಂಬ ಆಜ್ಞೆಯಂತೆ ತೋರುವುದು. ಅನುತ್ತೀರ್ಣಳಾದವಳಿಗೆ ಬರೆದರಂತೂ, ನೀನು ಕೈ ಕೆಸರು ಮಾಡಿಕೊಳ್ಳಲಿಲ್ಲವೆಂಬ ದೂಷಣೆಯೇ ಆಗುವುದು. ತೇರ್ಗಡೆಯಾದವಳಿಗೆ ಬರೆದರೆ ಅದೇ ಮಾತು ಮನ್ನಣೆಯಾಗುವುದು. ಗಾದೆ ಬದಲಾಗಲಿಲ್ಲ, ಕಾಲ ಬದಲಾಯಿತು. “ಆದರೆ” ಎಂಬ ಷರತ್ತು ಮುಂದಿನ ಕಾರ್ಯಕ್ಕೆ ತಗಲಿದಾಗ ಉಪದೇಶವಾಗುವುದು. ಮಾಡಿ ಮುಗಿಸಿದ ಕಾರ್ಯಕ್ಕೆ ತಗಲಿದಾಗ ಸಾಕ್ಷಿಯಾಗುವುದು.

ಸರಿಯಾದ ಸಮಯದಲ್ಲಿಯೂ ಬರೆಯುವ ರೀತಿಯಿಂದ ಕೆಡಬಹುದು. “ಕೈ ಕೆಸರಾದರೆ ಬಾಯಿ ಮೊಸರೆಂಬಂತೆ ನೀನು ಮುಂದೆಯೂ ಶ್ರಮಪಡಬೇಕು” ಎಂದರೆ, ಗಾದೆಯ ಅರ್ಥವನ್ನು ಬಿಡಿಸಿ ಹೇಳಿ, “ಬೇಕು” ಎಂಬುದರಿಂದ ಅಪ್ಪಣೆಯನ್ನೂ ಕೊಟ್ಟಂತಾಯಿತು. ಅದಕ್ಕೆ ಬದಲಾಗಿ ಹೀಗೆ ಬರೆಯಬಹುದು: “ದೀಪದ ಬೆಳಕಿನಲ್ಲಿ ನೀನು ಲೆಕ್ಕ ಮಾಡುತ್ತಿದ್ದುದನ್ನು ಕಂಡವರು ನಾವು. ಕೈಯ ಕೆಸರನ್ನು ನೋಡಿದ್ದೆವು. ಈಗ ಮೊಸರಿನ ಸುದ್ದಿ ಬಂದಿತು. ನಿನಗೆ ಸದಾ ಶುಭವಾಗಲಿ.” ಇಲ್ಲಿ ಗಾದೆಯನ್ನು ಪೂರ್ತಿಯಾಗಿ ಹೇಳಿಲ್ಲ, ಉಳಿದುದನ್ನು ಓದುವವಳೇ ತುಂಬಿಕೊಂಡು ನಗುವಳು. ಅವಳೊಬ್ಬಳಿಗೇ ಸಲ್ಲುವ ಸಂಗತಿಯೊಂದು ಮೊದಲು ಬಂದುದರಿಂದ ಗಾದೆ ಎಲ್ಲರಿಗೂ ಹಂಚುವ ನೀತಿಯಾಗಿ ಉಳಿಯಲಿಲ್ಲ.

ಕೆಲವು ಗಾದೆಗಳನ್ನು ಹೇಗೆ ತಿರುಗಿಸಿದರೂ ಹಾರೈಕೆಗೆ ಒಗ್ಗುವುದಿಲ್ಲ. ಮದುವಣಗಿತ್ತಿಗೆ “ತಾಳಿದವನು ಬಾಳಿಯಾನು” ಎಂದು ಬರೆದರೆ, ಮುಂದೆ ತಾಳಬೇಕಾದ ಕಷ್ಟವಿದೆಯೆಂದು ಮೊದಲೇ ಸೂಚಿಸಿದಂತಾಗುವುದು. ಆದರೆ “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ಮಗಳ ಮದುವೆಯನ್ನು ಮುಗಿಸಿದ ತಾಯಿತಂದೆಗಳಿಗೆ ಚೆನ್ನಾಗಿ ಒಪ್ಪುವುದು: “ಎರಡನ್ನೂ ಮಾಡಿ ನೋಡಿದಿರಿ; ಇನ್ನು ಕುಳಿತು ವಿಶ್ರಮಿಸಿರಿ.”

ಹಳೆಯ ಪದ್ಯದ ಸಾಲಿಗೂ ಇದೇ ಕ್ರಮ. ಸರ್ವಜ್ಞನ ತ್ರಿಪದಿಯನ್ನು ಅಂಕಿತಸಹಿತವಾಗಿ ಪೂರ್ತಿ ಬರೆದರೆ ಕವಿಯೇ ಎದುರಿಗೆ ನಿಂತು ಎಚ್ಚರಿಸಿದಂತಾಗುವುದು. ಅದರೊಳಗಿನ ಒಂದು ಉಪಮೆಯನ್ನು ಮಾತ್ರ ನಮ್ಮ ವಾಕ್ಯದಲ್ಲಿ ಬೆರೆಸಿದರೆ ಸ್ನೇಹದ ಮಾತಾಗಿ ಉಳಿಯುವುದು.

ಅಂಚೆಗೆ ಹಾಕುವ ಮುನ್ನ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಗಾದೆಯ ಬಳಿಕ “ಆದುದರಿಂದ ನೀನು” ಎಂದು ಸೇರಿಸಲು ಎಡೆಯಿದ್ದರೆ ಅದು ಇನ್ನೂ ಉಪದೇಶವೇ. ಅಂಥ ಗಾದೆಯನ್ನು ತೆಗೆದುಹಾಕಿ ಹಾರೈಕೆಯನ್ನಷ್ಟೇ ಕಳುಹಿಸುವುದು ಲೇಸು.